ನೆರೆಹೊರೆಯ ಮಹಿಳೆಯರಿಗಾಗಿ ಅಧಿಕ ರಕ್ತದೊತ್ತಡ ಕುರಿತ ಆರೋಗ್ಯ ಶಿಕ್ಷಣ: ಕಾರ್ಯಯೋಜನೆ

ಗುಂಪು: 30ರಿಂದ 65 ವರ್ಷದೊಳಗಿನ 24 ಮಹಿಳೆಯರು
ಸ್ಥಳ ಮತ್ತು ಸಮಯ: ಬಡಾವಣೆಯ ಸಮುದಾಯ ಭವನ, ಮಧ್ಯಾಹ್ನ 3 ಗಂಟೆ
ಅವಧಿ: 50 ನಿಮಿಷ, ರಕ್ತದೊತ್ತಡ ತಪಾಸಣೆ ಅದಕ್ಕೆ ಮೊದಲು, 2 ಗಂಟೆಯಿಂದ
ವಿಧಾನ: ಸಂವಾದ, ಪ್ರಾತ್ಯಕ್ಷಿಕೆ
ಸಾಧನಗಳು: ಬಿಪಿ ಉಪಕರಣ, ಎರಡು ಅಳತೆಯ ತೋಳುಪಟ್ಟಿಗಳು, ಚಿತ್ರಪಟ, ಉಪ್ಪು, ಟೀ ಚಮಚ

ಹಿನ್ನೆಲೆ

ಮನೆಭೇಟಿಯ ವೇಳೆ ಈ ಮಹಿಳೆಯರಲ್ಲಿ ಹೆಚ್ಚಿನವರು ಗಂಡನ ಅಥವಾ ಅತ್ತೆಯ ಬಿಪಿ ಎಷ್ಟಿದೆ ಎಂಬುದನ್ನು ತಕ್ಷಣ ಹೇಳಿದರು. ತಮ್ಮದು ಎಷ್ಟೆಂದು ಕೇಳಿದಾಗ ಹಲವರು ಕೊನೆಯ ಹೆರಿಗೆಯ ಸಮಯದಲ್ಲಿ ನೋಡಿಸಿದ್ದನ್ನು ನೆನಪಿಸಿಕೊಂಡರು. ಮಾತ್ರೆ ಆರಂಭಿಸಿದ್ದ ಏಳು ಮಂದಿಯಲ್ಲಿ ಮೂವರು, ತಲೆನೋವಿಲ್ಲ, ಆರಾಮಾಗಿದ್ದೇವೆ ಎಂಬ ಕಾರಣಕ್ಕೆ ಅದನ್ನು ತಾವಾಗಿಯೇ ನಿಲ್ಲಿಸಿದ್ದರು. ಆದ್ದರಿಂದ ರೋಗದ ವ್ಯಾಖ್ಯೆ, ವರ್ಗೀಕರಣಗಳನ್ನು ಬೋಧಿಸುವುದಕ್ಕಿಂತ, ಲಕ್ಷಣವಿಲ್ಲದಿದ್ದರೂ ರಕ್ತದೊತ್ತಡ ಹೆಚ್ಚಿರಬಹುದು ಎಂಬ ಒಂದು ಸಂಗತಿಯನ್ನು ಮನದಟ್ಟು ಮಾಡಿಸುವುದೇ ಈ ಕಾರ್ಯಕ್ರಮದ ಮುಖ್ಯ ಕೆಲಸವೆಂದು ಭಾವಿಸಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ, ಅಧಿಕ ರಕ್ತದೊತ್ತಡವಿರುವ 30ರಿಂದ 79 ವರ್ಷದವರಲ್ಲಿ ಶೇ. 46ರಷ್ಟು ಜನರಿಗೆ ಅದು ತಮಗಿದೆ ಎಂಬುದೇ ಗೊತ್ತಿರುವುದಿಲ್ಲ.

ಉದ್ದೇಶಗಳು

ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಬಿಪಿಯ ಎರಡು ಅಂಕೆಗಳನ್ನು ಹೇಳಿ ಅವುಗಳ ಅರ್ಥ ತಿಳಿಸಬೇಕು. ಅಳತೆಗೆ ಮುನ್ನ ಪಾಲಿಸಬೇಕಾದ ಕ್ರಮಗಳಲ್ಲಿ ಕನಿಷ್ಠ ಮೂರನ್ನು ಹೇಳಬೇಕು. ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದೇಕೆ ಎಂಬುದನ್ನು ತಮ್ಮದೇ ಮಾತಿನಲ್ಲಿ ವಿವರಿಸಬೇಕು.

ಬೋಧನೆಯ ಕ್ರಮ

ಮೊದಲ 5 ನಿಮಿಷ ಪರಿಚಯ, ಜೊತೆಗೆ ಒಂದೇ ಪ್ರಶ್ನೆ: "ಬಿಪಿ ಹೆಚ್ಚಾದರೆ ನಿಮಗೆ ಹೇಗೆ ಗೊತ್ತಾಗುತ್ತದೆ?" ತಲೆಸುತ್ತು, ಕೋಪ, ಬೆವರು ಎಂದು ಬರುವ ಉತ್ತರಗಳನ್ನು ಅಲ್ಲಗಳೆಯದೆ ಬರೆದುಕೊಂಡು, ನಂತರ ಅವರವರ ಚೀಟಿಯಲ್ಲಿರುವ ಅಂಕೆಯನ್ನು ನೋಡಿಕೊಳ್ಳಲು ಹೇಳಲಾಗುವುದು. ಏನೂ ತೊಂದರೆಯಿಲ್ಲವೆಂದವರಲ್ಲೇ ಯಾರಿಗಾದರೂ ಅಂಕೆ ಹೆಚ್ಚಿರಬಹುದಾದ್ದರಿಂದ ಚೀಟಿಯನ್ನು ಗಟ್ಟಿಯಾಗಿ ಓದಿಸಬಾರದು. ಅದು ಅವರ ಖಾಸಗಿ ವಿಷಯ.

ಮುಂದಿನ 10 ನಿಮಿಷ ಚಿತ್ರಪಟದ ನೆರವಿನಿಂದ ವಿವರಣೆ. ಹೃದಯ ಸಂಕುಚಿಸಿದಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕೆ, ಹೃದಯ ಸಡಿಲಗೊಂಡಾಗಿನದು ಕೆಳಗಿನ ಅಂಕೆ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಅದು 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ. ವರ್ಷಗಟ್ಟಲೆ ಹೀಗೇ ಉಳಿದರೆ ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ವೈಫಲ್ಯಕ್ಕೆ ದಾರಿಯಾಗುತ್ತದೆ. ಮಹಿಳೆಯರಿಗೇ ಸಂಬಂಧಿಸಿದ ಮೂರು ವಿಷಯಗಳನ್ನು ಇಲ್ಲಿ ಬಿಡುವಂತಿಲ್ಲ. ಗರ್ಭಿಣಿಯಾಗಿದ್ದಾಗ ಬಿಪಿ ಏರಿದ್ದವರಿಗೆ ಮುಂದೆಯೂ ಅಪಾಯ ಹೆಚ್ಚು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆಗಳು ಕೆಲವರಲ್ಲಿ ಒತ್ತಡವನ್ನು ಏರಿಸುತ್ತವೆ. ಮುಟ್ಟು ನಿಂತ ನಂತರ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಬಿಪಿ ಮಾತ್ರೆಗಳಲ್ಲಿ ಕೆಲವು ಭ್ರೂಣಕ್ಕೆ ಹಾನಿಕರವಾದ್ದರಿಂದ, ಗರ್ಭ ಧರಿಸಲು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ನಂತರದ 15 ನಿಮಿಷ ಅಳತೆಯ ಪ್ರಾತ್ಯಕ್ಷಿಕೆ. ಅರ್ಧ ಗಂಟೆ ಮೊದಲಿನಿಂದ ಕಾಫಿ, ತಂಬಾಕು ಬೇಡ; ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೆ ಊರಿ, 5 ನಿಮಿಷ ಸುಮ್ಮನೆ ಕೂರಬೇಕು; ತೋಳು ಹೃದಯದ ಮಟ್ಟದಲ್ಲಿರಬೇಕು, ಅಳೆಯುವಾಗ ಮಾತನಾಡಬಾರದು. ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕೆ ಇರುವುದಕ್ಕಿಂತ ಹೆಚ್ಚು ತೋರುತ್ತದೆ ಎಂಬುದನ್ನು ಎರಡು ಪಟ್ಟಿಗಳನ್ನು ಹೋಲಿಸಿ ತೋರಿಸಲಾಗುವುದು.

ಜೀವನಕ್ರಮ ಮತ್ತು ಔಷಧಕ್ಕೆ 12 ನಿಮಿಷ. ದಿನಕ್ಕೆ ಒಬ್ಬರಿಗೆ ಒಟ್ಟು ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕೆಂಬುದನ್ನು ಉಪ್ಪನ್ನೇ ಅಳೆದು ತೋರಿಸಬೇಕು. ಸಿದ್ಧ ತಿನಿಸುಗಳಲ್ಲಿರುವುದೂ ಈ ಲೆಕ್ಕಕ್ಕೆ ಸೇರುತ್ತದೆ. ಅಡುಗೆ ಮಾಡುವವರು ಇವರೇ ಆದರೂ ರುಚಿ ನಿರ್ಧರಿಸುವವರು ಮನೆಯವರೆಲ್ಲರೂ ಆಗಿರುವುದರಿಂದ, ಒಮ್ಮೆಲೇ ಕಡಿತಗೊಳಿಸಿ ಎನ್ನದೆ ವಾರದಿಂದ ವಾರಕ್ಕೆ ತುಸು ತಗ್ಗಿಸಲು ಸೂಚಿಸುವುದು ಸರಿ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ನಡಿಗೆಯ ಅಗತ್ಯವನ್ನೂ ತಿಳಿಸಬೇಕು. ಮಾತ್ರೆಯ ವಿಷಯದಲ್ಲಿ ಮಾತು ಸ್ಪಷ್ಟವಾಗಿರಬೇಕು: ಅಂಕೆ ಸರಿಯಾಗಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ, ನಿಲ್ಲಿಸಿದರೆ ಅದು ಸದ್ದಿಲ್ಲದೆ ಮತ್ತೆ ಏರುತ್ತದೆ. ಮೂವರೂ ಸಭೆಯಲ್ಲಿರುವುದರಿಂದ ಇದನ್ನು ದೂಷಣೆಯ ಧ್ವನಿಯಲ್ಲಿ ಹೇಳಬಾರದು.

ಉಳಿದ 8 ನಿಮಿಷ ಪ್ರಶ್ನೋತ್ತರ ಮತ್ತು ಮೌಲ್ಯಮಾಪನಕ್ಕೆ ಮೀಸಲು. ಒಬ್ಬರು ಮತ್ತೊಬ್ಬರನ್ನು ಅಳತೆಗೆ ಸರಿಯಾಗಿ ಕೂರಿಸಿ ತೋರಿಸಬೇಕು; ತಪ್ಪಿದರೆ ಉಳಿದವರು ತಿದ್ದಬೇಕು.

ಅನುಸರಣೆ

ತಪಾಸಣೆಯಲ್ಲಿ 180/120 ಮೀರಿ, ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು ಅಥವಾ ಒಂದು ಬದಿಯ ಬಲಹೀನತೆ ಕಂಡವರನ್ನು ಕಾರ್ಯಕ್ರಮಕ್ಕೆ ಕೂರಿಸದೆ ತಕ್ಷಣ ಆಸ್ಪತ್ರೆಗೆ ಕಳುಹಿಸಲಾಗುವುದು. 140/90 ಅಥವಾ ಹೆಚ್ಚು ಬಂದವರಿಗೆ ಆರೋಗ್ಯ ಕೇಂದ್ರಕ್ಕೆ ಪತ್ರ ಕೊಟ್ಟು, ಎರಡು ವಾರಗಳ ನಂತರ ಮನೆಗೆ ಹೋಗಿ ಮತ್ತೆ ಅಳೆಯಲಾಗುವುದು. ಮಾತ್ರೆ ನಿಲ್ಲಿಸಿದ್ದ ಮೂವರ ಮನೆಗೆ ಮಾತ್ರ ಮೂರನೆಯ ದಿನವೇ ಭೇಟಿ.