ನಿನ್ನೆ ಹೇಳಿದ್ದು ಎಐಗೆ ಯಾಕೆ ಗೊತ್ತಿಲ್ಲ: ಮೂಡಿಗೆರೆಯ ಅಪ್ಪನಿಗೆ ಮಗಳ ಕಾಗದ

ಅಪ್ಪನಿಗೆ ನಮಸ್ಕಾರಗಳು.

"ನಿನ್ನೆ ಅಷ್ಟೆಲ್ಲ ಹೇಳಿದ್ದು ಈ ಎಐಗೆ ಇವತ್ತು ಯಾಕೆ ಗೊತ್ತಿಲ್ಲ?" ಅಂತ ಬೆಳಿಗ್ಗೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಒಂದು ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಕಾಗದದಲ್ಲಿದ್ದರೆ ನೀವು ನಿಧಾನವಾಗಿ ಓದಿಕೊಳ್ಳುತ್ತೀರಿ. ಅದಕ್ಕೇ ಅಕ್ಷರ ದಪ್ಪ ಮಾಡಿ ಪ್ರಿಂಟ್ ತೆಗೆಸಿ ಮಂಜಣ್ಣನ ಕೈಲಿ ಕಳಿಸುತ್ತಿದ್ದೇನೆ.

ಮೊದಲು ಒಂದು ಮಾತು. "ನಾನೇ ಹೇಳಲಿಲ್ಲವೇನೋ, ನನಗೇ ಮರೆವು ಶುರುವಾಯಿತೇನೋ" ಅಂದಿರಲ್ಲ, ಅದು ಕೇಳಿ ನನಗೆ ಸಂಕಟವಾಯಿತು. ನೀವು ಹೇಳಿದ್ದೀರಿ ಅಪ್ಪ. ಅಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಾರೆ. ಕೆಳಗಿನ ತೋಟದ ಮೆಣಸಿನ ಬಳ್ಳಿ, ಹೋದ ಮಳೆಗಾಲದಲ್ಲಿ ಬಂದ ಸೊರಗು ರೋಗ, ನೀರು ನಿಲ್ಲುವ ಆ ಮೂಲೆ, ಎಲ್ಲ ವಿವರವಾಗಿ ಹೇಳಿದ್ದೀರಂತೆ. ನಿಮ್ಮ ನೆನಪು ಸರಿಯಾಗಿಯೇ ಇದೆ. ನಿನ್ನೆಯ ಮಾತು ಇಲ್ಲದಿರುವುದು ಆ ಎಐಗೆ.

ಅದು ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅಂತ ಬೇಜಾರೂ ಬೇಡ. ಅದರ ಕೆಲಸದ ರೀತಿಯೇ ಹಾಗೆ. ಸರ್ಕಾರಿ ಆಸ್ಪತ್ರೆಯಲ್ಲಿ ದಿನಕ್ಕೊಬ್ಬ ಡಾಕ್ಟರು ಕೂತಿರುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಚೆನ್ನಾಗಿ ಓದಿಕೊಂಡವರು, ಕಾಯಿಲೆಗಳ ವಿಷಯ ಎಲ್ಲ ಗೊತ್ತು. ಆದರೆ ನಿಮ್ಮನ್ನು ನೋಡುತ್ತಿರುವುದು ಇವತ್ತೇ ಮೊದಲು. ನಿಮ್ಮ ಕೈಯಲ್ಲಿರುವ ಚೀಟಿಯಲ್ಲಿ ಬರೆದಿರುವಷ್ಟೇ ಅವರಿಗೆ ನಿಮ್ಮ ವಿಷಯ. ಚೀಟಿ ಮನೆಯಲ್ಲಿ ಬಿಟ್ಟು ಹೋದರೆ "ಏನಾಗಿದೆ ಯಜಮಾನರೇ?" ಅಂತ ಮೊದಲಿನಿಂದ ಕೇಳುತ್ತಾರೆ.

ಎಐಗೂ ಅಷ್ಟೇ. ಕಾಫಿ, ಮೆಣಸು, ರೋಗ, ಔಷಧಿ ಇವುಗಳ ಬಗ್ಗೆ ಅದು ಲೆಕ್ಕವಿಲ್ಲದಷ್ಟು ಬರಹ ಓದಿ ಕಲಿತಿದೆ. ಆ ಕಲಿಕೆ ಒಂದು ದಿನಕ್ಕೆ ನಿಂತಿದೆ. ಆಮೇಲೆ ನೀವು, ನಾನು, ಊರಿನವರೆಲ್ಲ ಆಡಿದ ಮಾತು ಆಡಿದ ಕೂಡಲೇ ಅದರ ತಲೆಗೆ ಸೇರುವುದಿಲ್ಲ. ಅದರ ಮಟ್ಟಿಗೆ ಚೀಟಿ ಅಂದರೆ ಆಗ ನಡೆಯುತ್ತಿರುವ ಮಾತುಕತೆಯ ಬರಹ. ನೀವು ಮಾತಾಡುತ್ತಾ ಹೋದ ಹಾಗೆ ಚೀಟಿ ಉದ್ದವಾಗುತ್ತದೆ. ಪ್ರತಿ ಸಲ ನೀವು ಹೊಸದೇನಾದರೂ ಕೇಳಿದಾಗ, ಅಲ್ಲಿಯವರೆಗಿನ ಚೀಟಿಯನ್ನು ಅದರ ಮುಂದೆ ಮತ್ತೆ ಇಡಲಾಗುತ್ತದೆ. ಅದನ್ನು ಮೇಲಿನಿಂದ ಓದಿಕೊಂಡು ಉತ್ತರ ಕೊಡುತ್ತದೆ. ನಿನ್ನೆ ಸಂಜೆ ನೀವು "ಆ ಮೂಲೆಗೆ ಏನು ಮಾಡಲಿ?" ಅಂದಾಗ ಯಾವ ಮೂಲೆ ಅಂತ ಅದು ಕೇಳಲಿಲ್ಲವಲ್ಲ, ಕಾರಣ ಇದೇ. ನೆನಪಿಟ್ಟುಕೊಂಡಿತ್ತು ಅಂತಲ್ಲ, ಚೀಟಿಯಲ್ಲಿ ಇತ್ತು.

ಇವತ್ತು ಬೆಳಿಗ್ಗೆ ನೀವು ಆಪ್ ತೆರೆದಾಗ ಅದು ಹೊಸ ಮಾತುಕತೆ ಶುರು ಮಾಡಿತು. ಅಂದರೆ ಖಾಲಿ ಚೀಟಿ. ನಿನ್ನೆಯದು ಹರಿದು ಹೋಗಿಲ್ಲ, ಅದು ಬೇರೆ ಕಡೆ ಹಾಗೇ ಇದೆ. ಪರದೆಯ ಮೂಲೆಯಲ್ಲಿ ಅಡ್ಡಗೆರೆಗಳ ಗುರುತು ಇದೆ ನೋಡಿ. ಅದನ್ನು ಒತ್ತಿದರೆ ಹಳೆಯ ಮಾತುಕತೆಗಳ ಹೆಸರು ಸಾಲಾಗಿ ಬರುತ್ತವೆ. ಮೆಣಸಿನದ್ದನ್ನು ತೆರೆದು ಕೊನೆಗೆ ಹೋಗಿ ಅಲ್ಲಿಂದಲೇ ಮಾತಾಡಿ. ನಿನ್ನೆ ಹೇಳಿದ್ದೆಲ್ಲ ಅದರ ಕಣ್ಣ ಮುಂದಿರುತ್ತದೆ. ಹಾಗಂತ ತಿಂಗಳುಗಟ್ಟಲೆ ಒಂದೇ ಕಡೆ ಮಾತಾಡುತ್ತಾ ಹೋಗಬೇಡಿ. ಚೀಟಿ ತೀರಾ ಉದ್ದವಾದರೆ ಮೊದಲು ಹೇಳಿದ ವಿಷಯ ಅದರ ಗಮನದಿಂದ ತಪ್ಪುತ್ತದೆ. ಮೆಣಸಿಗೆ ಒಂದು, ನಿಮ್ಮ ಮಂಡಿನೋವಿನ ವಿಷಯಕ್ಕೆ ಇನ್ನೊಂದು, ಹೀಗೆ ಬೇರೆ ಬೇರೆ ಇರಲಿ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ, ನನಗೆ ಹೆದರಿಕೆ ಇರುವುದು ಇದರದ್ದೇ. ಹೊಸ ಮಾತುಕತೆಯಲ್ಲಿ "ನಿನ್ನೆ ಹೇಳಿದೆಯಲ್ಲ, ಆ ಅಳತೆ ಇನ್ನೊಂದು ಸಲ ಹೇಳು" ಅಂತ ಕೇಳಬೇಡಿ. ಕೆಲವು ಸಲ ಅದು "ನನಗೆ ಗೊತ್ತಿಲ್ಲ" ಅನ್ನುತ್ತದೆ, ಅದು ಒಳ್ಳೆಯದು. ಕೆಲವು ಸಲ ನೆನಪಿರುವವರ ಹಾಗೇ ಯಾವುದೋ ಒಂದು ಅಳತೆ ಹೇಳಿಬಿಡುತ್ತದೆ. ಮೋಸ ಮಾಡಬೇಕು ಅಂತಲ್ಲ, ಕೇಳಿದ್ದಕ್ಕೆ ಹೊಂದುವ ಉತ್ತರ ಕಟ್ಟುವುದು ಅದರ ಅಭ್ಯಾಸ. ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಅನ್ನುವುದು ನಿಮಗೆ ಬಾಯಿಪಾಠ. ಕಬ್ಬಿಣದ ಚಾಕು ಅದ್ದಿ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕುವುದನ್ನು ನಾನು ಚಿಕ್ಕವಳಿದ್ದಾಗ ನೀವೇ ತೋರಿಸಿದ್ದೀರಿ. ಆ ಪರೀಕ್ಷೆ ಬಿಡಬೇಡಿ. ಹೊಸ ಔಷಧಿಯ ಅಳತೆಯಾದರೆ ಡಬ್ಬಿಯ ಮೇಲಿರುವುದನ್ನು ಓದಿಸಿಕೊಳ್ಳಿ, ಇಲ್ಲವೇ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿ. ಫೋನಿನ ಮಾತು ನಂಬಿ ಬಳ್ಳಿಗೆ ಹೊಡೆಯುವುದು ಬೇಡ.

ಹಳೆಯ ಮಾತು ನೆನಪಿಟ್ಟುಕೊಳ್ಳುವ ಎಐಗಳೂ ಇವೆ, ಮಂಜಣ್ಣನ ಮಗ ಹೇಳಿದ್ದು ಸುಳ್ಳಲ್ಲ. ಅಲ್ಲಿ ಆಗುವುದೇನೆಂದರೆ, ನಿಮ್ಮ ಮಾತಿನಿಂದ ಒಂದಿಷ್ಟು ಆರಿಸಿ ಬರೆದಿಟ್ಟುಕೊಂಡು, ಮುಂದಿನ ಸಲ ಅದನ್ನೂ ಚೀಟಿಗೆ ಸೇರಿಸುತ್ತವೆ. ಆಡಿದ್ದೆಲ್ಲ ಅಕ್ಷರಶಃ ಉಳಿಯುತ್ತದೆ ಅಂತ ಭರವಸೆ ಇಲ್ಲ. ನಿಮ್ಮ ಫೋನಿನಲ್ಲಿ ಆ ಸೌಲಭ್ಯವನ್ನು ನಾನೇ ಬಂದ್ ಮಾಡಿಟ್ಟಿದ್ದೇನೆ. ಮನೆಯ ವಿಷಯ, ಅಮ್ಮನ ಆರೋಗ್ಯ, ಸೊಸೈಟಿ ಸಾಲ, ನೀವು ಎಲ್ಲವನ್ನೂ ಮನಸ್ಸು ಬಿಚ್ಚಿ ಮಾತಾಡುವವರು. ಅದೆಲ್ಲ ಪಟ್ಟಿಯಾಗಿ ಕೂಡಿಡುವುದು ನನಗೆ ಇಷ್ಟವಿಲ್ಲ. ನಿಮಗೆ ಬೇಕೇ ಬೇಕು ಅನ್ನಿಸಿದರೆ ಹೇಳಿ, ಫೋನು ನಿಮ್ಮದು, ಹಾಕಿಕೊಡುತ್ತೇನೆ.

ಎಐಗೆ ನೆನಪಿಲ್ಲ ಅಂದ ಮಾತ್ರಕ್ಕೆ ಹೇಳಿದ್ದು ಅಳಿಸಿಹೋಯಿತು ಅಂತಲೂ ಅಲ್ಲ. ಮಾತುಕತೆಯ ಬರಹ ಆ ಎಐ ಕಂಪನಿಯ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಆದ್ದರಿಂದ ಆಧಾರ್ ನಂಬರು, ಬ್ಯಾಂಕಿನ ಪಾಸ್‌ಬುಕ್ ಫೋಟೋ, ಒಟಿಪಿ, ಯಾವುದೂ ಅದಕ್ಕೆ ಬೇಡ.

ಪ್ರತಿ ಸಲ ಮೊದಲಿನಿಂದ ಹೇಳುವ ಕಷ್ಟ ತಪ್ಪಲಿ ಅಂತ ನಿಮ್ಮ ಪರವಾಗಿ ಒಂದು ಚೀಟಿ ಬರೆದಿದ್ದೇನೆ. ವಾಟ್ಸಾಪಿಗೂ ಕಳಿಸಿದ್ದೇನೆ. ಅದರ ಮೇಲೆ ಬೆರಳು ಒತ್ತಿ ಹಿಡಿದು ಕಾಪಿ ಮಾಡಿ, ಎಐನ ಹೊಸ ಮಾತುಕತೆಯಲ್ಲಿ ಪೇಸ್ಟ್ ಮಾಡಿ, ಆಮೇಲೆ ನಿಮ್ಮ ಪ್ರಶ್ನೆ ಕೇಳಿ:

"ನನ್ನದು ಮೂಡಿಗೆರೆ ಹತ್ತಿರ ರೊಬಸ್ಟಾ ಕಾಫಿ ತೋಟ. ಸಿಲ್ವರ್ ಮರಗಳಿಗೆ ಪಣಿಯೂರು-1 ಮೆಣಸಿನ ಬಳ್ಳಿ ಹಬ್ಬಿಸಿದ್ದೇನೆ. ಕೆಳಗಿನ ತೋಟದ ಒಂದು ಮೂಲೆಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಹೋದ ವರ್ಷ ಅಲ್ಲಿ ಸೊರಗು ರೋಗ ಬಂದು ಬಳ್ಳಿಗಳು ಸತ್ತವು. ಈ ವರ್ಷ ಬಸಿಗಾಲುವೆ ತೆಗೆಸಿದ್ದೇನೆ, ಬೋರ್ಡೋ ಇನ್ನೂ ಹೊಡೆದಿಲ್ಲ. ಉತ್ತರವನ್ನು ಸರಳ ಕನ್ನಡದಲ್ಲಿ, ಚಿಕ್ಕದಾಗಿ ಕೊಡು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು."

ಬೋರ್ಡೋ ಹೊಡೆದಾದ ಮೇಲೆ ಆ ಸಾಲು ತಿದ್ದಬೇಕು, ಇಲ್ಲದಿದ್ದರೆ ಅದು ಇನ್ನೂ ಹೊಡೆದಿಲ್ಲ ಅಂದುಕೊಂಡೇ ಉತ್ತರ ಕೊಡುತ್ತದೆ. ತಾರೀಕು ಹೇಳಿ, ತಿದ್ದಿ ಕಳಿಸುತ್ತೇನೆ. ಭಾನುವಾರ ಬಂದಾಗ ಹಳೆಯ ಮಾತುಕತೆ ತೆರೆಯುವುದನ್ನು ಇಬ್ಬರೂ ಕೂತು ನೋಡೋಣ, ಒತ್ತುವುದೆಲ್ಲ ನೀವೇ ಒತ್ತಬೇಕು. ಅಮ್ಮನಿಗೆ ಹೇಳಿ, ಬರುವಾಗ ಅವರ ಮಾತ್ರೆ ತರುತ್ತೇನೆ.

ನಿಮ್ಮ ಮಗಳು
ಸುಮಾ