ತುರ್ತು: 7316ರಲ್ಲಿ ಕೊನೆಗೊಳ್ಳುವ ಡೆಬಿಟ್ ಕಾರ್ಡ್ ಕಳೆದಿದೆ, ಈಗಲೇ ಶಾಶ್ವತವಾಗಿ ಬ್ಲಾಕ್ ಮಾಡಿ

ಗ್ರಾಹಕ ಸೇವಾ ವಿಭಾಗದವರಿಗೆ,

ನನ್ನ ಉಳಿತಾಯ ಖಾತೆಯ ಡೆಬಿಟ್ ಕಾರ್ಡ್ ಕಳೆದುಹೋಗಿದೆ. ಕಾರ್ಡಿನ ಕೊನೆಯ ನಾಲ್ಕು ಅಂಕಿ 7316. ದಯವಿಟ್ಟು ಮುಂದಿನದನ್ನು ಓದುವ ಮೊದಲೇ ಈ ಕಾರ್ಡನ್ನು ‘ಕಳೆದಿದೆ’ ಎಂಬ ಕಾರಣ ನಮೂದಿಸಿ ಶಾಶ್ವತವಾಗಿ ಬ್ಲಾಕ್ ಮಾಡಿ. ಉಳಿದ ವಿವರ ಆಮೇಲೆ ನೋಡಿದರೂ ಆಗುತ್ತದೆ.

ಖಾತೆದಾರರ ಹೆಸರು: ಸುಮಾ ಕೆ.
ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ: 0482
ನೋಂದಾಯಿತ ಮೊಬೈಲಿನ ಕೊನೆಯ ಮೂರು ಅಂಕಿ: 559 (ಫೋನ್ ಮತ್ತು ಸಿಮ್ ನನ್ನ ಬಳಿಯೇ ಇವೆ)
ಕೊನೆಯದಾಗಿ ನಾನೇ ಬಳಸಿದ್ದು: 2025ರ ಜೂನ್ 10, ಮಂಗಳವಾರ, ಸಂಜೆ 4:10, ಔಷಧಿ ಅಂಗಡಿಯ ಸ್ವೈಪ್ ಯಂತ್ರದಲ್ಲಿ, ಪಿನ್ ಒತ್ತಿ
ಕಳೆದದ್ದು ಗೊತ್ತಾದದ್ದು: ಅದೇ ದಿನ ಸಂಜೆ 5:50
ಆ್ಯಪ್‌ನಲ್ಲಿ ತಾತ್ಕಾಲಿಕ ಲಾಕ್ ಹಾಕಿದ್ದು: ಸಂಜೆ 5:56
ಈ ಮೇಲ್ ಕಳಿಸುತ್ತಿರುವುದು: ಸಂಜೆ 6:30, ನಿಮ್ಮಲ್ಲಿ ನೋಂದಾಯಿಸಿರುವ ಇಮೇಲ್ ವಿಳಾಸದಿಂದಲೇ

6:05ಕ್ಕೆ ಸಹಾಯವಾಣಿಗೂ ಕರೆ ಮಾಡಿದ್ದೆ. ನಂಬರನ್ನು ನಿಮ್ಮ ಅಧಿಕೃತ ಆ್ಯಪ್‌ನಿಂದಲೇ ತೆಗೆದುಕೊಂಡೆ. ಧ್ವನಿಮುದ್ರಿತ ಸೂಚನೆ ಕಾರ್ಡಿನ 16 ಅಂಕಿಗಳನ್ನೂ ಒತ್ತಲು ಹೇಳಿತು. ಕಾರ್ಡೇ ಕೈಯಲ್ಲಿಲ್ಲದ್ದರಿಂದ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಮೇಲಿನ ಹೆಸರು, ಖಾತೆಯ ಮತ್ತು ಕಾರ್ಡಿನ ಕೊನೆಯ ಅಂಕಿಗಳನ್ನು ಸೇರಿಸಿ ನೋಡಿದರೆ ಯಾವ ಕಾರ್ಡ್ ಎಂಬುದು ನಿಮ್ಮ ದಾಖಲೆಯಲ್ಲಿ ಸಿಕ್ಕೇ ಸಿಗುತ್ತದೆ.

ಪೂರ್ತಿ ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಸಿವಿವಿ, ಪಿನ್, ಒಟಿಪಿ, ಆ್ಯಪ್‌ನ ಪಾಸ್‌ವರ್ಡ್ ಯಾವುದನ್ನೂ ಇಲ್ಲಿ ಬರೆದಿಲ್ಲ, ಮುಂದೆಯೂ ಬರೆಯುವುದಿಲ್ಲ. ಕಾರ್ಡ್ ಬ್ಲಾಕ್ ಮಾಡಲು ಇವು ಬೇಕಿಲ್ಲ. ಮೊದಲ ಆರಂಕಿ ಅಥವಾ ಎಂಟಂಕಿಯನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅವು ಬ್ಯಾಂಕನ್ನು ಗುರುತಿಸುವ ಅಂಕಿಗಳು, ಒಂದೇ ಬಗೆಯ ಕಾರ್ಡುಗಳಿಗೆಲ್ಲ ಒಂದೇ ಆಗಿರುತ್ತವೆ. ಕೊನೆಯ ನಾಲ್ಕರ ಜೊತೆ ಅವನ್ನೂ ಕೊಟ್ಟರೆ ಊಹಿಸಲು ಉಳಿಯುವುದು ನಡುವಿನ ಕೆಲವೇ ಅಂಕಿಗಳು. 4:10ರ ವಹಿವಾಟಿನ ಮೊತ್ತವನ್ನೂ ಬರೆದಿಲ್ಲ. ನನ್ನನ್ನು ಪರೀಕ್ಷಿಸಲು ನೀವು ಕೇಳಬಹುದಾದ ಪ್ರಶ್ನೆ ಅದು, ಉತ್ತರವನ್ನು ಮೇಲ್‌ನಲ್ಲೇ ಇಟ್ಟರೆ ಆ ಪ್ರಶ್ನೆ ಕೆಲಸಕ್ಕೆ ಬಾರದೆ ಹೋಗುತ್ತದೆ.

ಇನ್ನೊಂದು ಮುಖ್ಯ ಸಂಗತಿ, ಇದನ್ನು ನನ್ನ ಖಾತೆಯ ಟಿಪ್ಪಣಿಯಲ್ಲಿ ಎದ್ದು ಕಾಣುವಂತೆ ಸೇರಿಸಬೇಕೆಂದು ಕೋರುತ್ತೇನೆ. ಕಾರ್ಡ್ ಇದ್ದ ಪರ್ಸಿನಲ್ಲೇ ನನ್ನ ಫೋಟೊ ಗುರುತಿನ ಚೀಟಿಯೂ ಇತ್ತು. ಅದರಲ್ಲಿ ಪೂರ್ಣ ಹೆಸರು, ಜನ್ಮದಿನಾಂಕ, ಮನೆಯ ವಿಳಾಸ ಮೂರೂ ಇವೆ. ಪರ್ಸ್ ಸಿಕ್ಕವರು ನಿಮಗೆ ಕರೆ ಮಾಡಿ ಈ ಮೂರಕ್ಕೂ ತಪ್ಪಿಲ್ಲದೆ ಉತ್ತರ ಕೊಡಬಲ್ಲರು. ಆದ್ದರಿಂದ ಇನ್ನು ಮುಂದೆ ಇವುಗಳ ಆಧಾರದ ಮೇಲೆ ಯಾರನ್ನೂ ನಾನೆಂದು ಒಪ್ಪಿಕೊಳ್ಳಬೇಡಿ. ‘ಕಾರ್ಡ್ ಸಿಕ್ಕಿತು, ಬ್ಲಾಕ್ ತೆಗೆಯಿರಿ’, ‘ಮೊಬೈಲ್ ನಂಬರ್ ಬದಲಾಗಿದೆ’, ‘ಹೊಸ ಕಾರ್ಡನ್ನು ಬೇರೆ ವಿಳಾಸಕ್ಕೆ ಕಳಿಸಿ’ ಎಂದು ಫೋನಿನಲ್ಲೋ ಮೇಲ್‌ನಲ್ಲೋ ಯಾರೇ ಕೇಳಿದರೂ, ನನ್ನ ಹೆಸರಿನಲ್ಲಿ ಕೇಳಿದರೂ, ನಡೆಸಿಕೊಡಬೇಡಿ. ಅಂಥ ಬದಲಾವಣೆ ನಿಜಕ್ಕೂ ಬೇಕಾದರೆ ನಾನೇ ಶಾಖೆಗೆ ಬಂದು ಸಹಿ ಮಾಡುತ್ತೇನೆ. ಈ ಕಾರ್ಡ್ ನಾಳೆಯೇ ಸಿಕ್ಕಿದರೂ ನಾನು ಮತ್ತೆ ಬಳಸುವುದಿಲ್ಲ. ಚಿಪ್ ಮತ್ತು ಕಾಂತಪಟ್ಟಿ ಎರಡೂ ತುಂಡಾಗುವಂತೆ ಕತ್ತರಿಸಿಹಾಕುತ್ತೇನೆ.

ಖಾತ್ರಿಗಾಗಿ ನೀವು ಕರೆ ಮಾಡುವುದಿದ್ದರೆ ನೋಂದಾಯಿತ ನಂಬರಿಗೇ ಮಾಡಿ. ಆ ಕರೆಯಲ್ಲಿಯೂ ನಾನು ಒಟಿಪಿ ಓದಿ ಹೇಳುವುದಿಲ್ಲ, ಲಿಂಕ್ ಒತ್ತುವುದಿಲ್ಲ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳುವುದಿಲ್ಲ. ಕಾರ್ಡ್ ಕಳೆದ ಮೇಲೆ ಬ್ಯಾಂಕಿನ ಹೆಸರಿನಲ್ಲಿ ಬರುವ ವಂಚನೆಯ ಕರೆಗಳೂ ಇದನ್ನೇ ಕೇಳುತ್ತವೆ. ಕರೆ ಮಾಡಿದವರು ನಿಮ್ಮ ಸಿಬ್ಬಂದಿಯೇ ಆಗಿದ್ದರೂ ನನಗೆ ಹಾಗೆಂದು ತಿಳಿಯುವ ದಾರಿಯಿಲ್ಲ, ಹೀಗಾಗಿ ನಾನು ಕರೆ ಕತ್ತರಿಸಿ ಅಧಿಕೃತ ನಂಬರಿಗೆ ತಿರುಗಿ ಕರೆ ಮಾಡಬಹುದು. ದಯವಿಟ್ಟು ತಪ್ಪು ತಿಳಿಯಬೇಡಿ.

ಆ್ಯಪ್‌ನ ಲಾಕ್ ಇರುವಾಗ ಮತ್ತೆ ಬ್ಲಾಕ್ ಏಕೆ ಎಂದು ಕೇಳಬಹುದು. ಲಾಕ್ ಒಂದು ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತದೆ, ಕಾರ್ಡ್ ಸಂಖ್ಯೆಯೂ ಜೀವಂತವಾಗಿಯೇ ಇರುತ್ತದೆ. ಕಾರ್ಡ್ ಸಿಕ್ಕವರಿಗೆ ಸಂಖ್ಯೆ, ಅವಧಿ, ಹಿಂಬದಿಯ ಸಿವಿವಿ ಮೂರೂ ಕಣ್ಣೆದುರಿಗೇ ಇವೆ. ಒಟಿಪಿ ಕೇಳದ ಜಾಲತಾಣದಲ್ಲಿ ಖರೀದಿಸಲು ಅಷ್ಟು ಸಾಕು. ಪಿನ್ ಇಲ್ಲದೆ ಯಂತ್ರಕ್ಕೆ ತಾಗಿಸಿ ಸಣ್ಣ ಮೊತ್ತ ಪಾವತಿಸುವ ಸೌಲಭ್ಯವೂ ಈ ಕಾರ್ಡಿನಲ್ಲಿ ಚಾಲೂ ಇತ್ತು. ಪಿನ್ ಅನ್ನು ನಾನು ಎಲ್ಲಿಯೂ ಬರೆದಿಟ್ಟಿಲ್ಲ, ಯಾರಿಗೂ ಹೇಳಿಲ್ಲ. ಇದನ್ನು ನನ್ನ ಹೇಳಿಕೆಯೆಂದೇ ದಾಖಲಿಸಿಕೊಳ್ಳಿ.

ಬ್ಲಾಕ್ ಆಗಬೇಕಾದದ್ದು ಈ ಒಂದು ಕಾರ್ಡ್ ಮಾತ್ರ. ಇದೇ ಖಾತೆಯ ಜಂಟಿ ಖಾತೆದಾರರ ಬಳಿ 2206ರಲ್ಲಿ ಕೊನೆಗೊಳ್ಳುವ ಕಾರ್ಡ್ ಇದೆ, ಅದು ಕಳೆದಿಲ್ಲ. ಖಾತೆಯನ್ನು ಸ್ಥಗಿತಗೊಳಿಸಬೇಡಿ, ನೆಟ್ ಬ್ಯಾಂಕಿಂಗನ್ನೂ ನಿಲ್ಲಿಸಬೇಡಿ. ಆದರೆ 7316ನ್ನು ಫೋನಿನ ವ್ಯಾಲೆಟ್‌ನಲ್ಲಿ ಮತ್ತು ಎರಡು ಖರೀದಿ ತಾಣಗಳಲ್ಲಿ ಉಳಿಸಿಟ್ಟಿದ್ದೆ. ಅಲ್ಲಿ ಕಾರ್ಡಿಗೆ ಬದಲಾಗಿ ಇರುವ ಟೋಕನ್‌ಗಳನ್ನೂ ರದ್ದು ಮಾಡಿ. ಹೊಸ ಕಾರ್ಡಿನ ಸಂಖ್ಯೆಯನ್ನು ಹಳೆಯ ವ್ಯಾಪಾರಿಗಳಿಗೆ ತಾನಾಗಿ ರವಾನಿಸುವ ಸೇವೆ ನಿಮ್ಮಲ್ಲಿದ್ದರೆ ನನಗೆ ಅದು ಬೇಡ. ಪ್ರತಿ ತಿಂಗಳು 12ರಂದು ಇದೇ ಕಾರ್ಡಿನಿಂದ ಕಟ್ಟಾಗುವ ಇಂಟರ್‌ನೆಟ್ ಬಿಲ್ಲನ್ನು ನಾನೇ ಬೇರೆ ದಾರಿಯಲ್ಲಿ ಕಟ್ಟಿಕೊಳ್ಳುತ್ತೇನೆ.

ಸಂಜೆ 4:10ರ ನಂತರದ ಯಾವ ವಹಿವಾಟೂ ನನ್ನದಲ್ಲ. ಒಂದೇ ಒಂದು ಬಾಕಿ ಇದೆ: ಜೂನ್ 8ರಂದು ಹೋಟೆಲ್ ಕೋಣೆಗಾಗಿ ಹಿಡಿದಿಟ್ಟಿರುವ ಮೊತ್ತ. ಅದು ನನ್ನದೇ, ಹೋಟೆಲಿನವರು ಪಡೆದುಕೊಂಡಾಗ ತಕರಾರು ಮಾಡುವುದಿಲ್ಲ. ಈ ಮೇಲ್ ಬರೆಯುವ ಹೊತ್ತಿಗೆ ಆ್ಯಪ್‌ನಲ್ಲಿ ಬೇರೇನೂ ಕಾಣುತ್ತಿಲ್ಲ. ಆದರೆ ಬ್ಯಾಂಕನ್ನು ಆ ಕ್ಷಣವೇ ಸಂಪರ್ಕಿಸದೆ ಪಾವತಿ ಪಡೆಯುವ ಯಂತ್ರಗಳೂ ಇವೆ. ಅವುಗಳ ಲೆಕ್ಕ ಕೆಲವು ದಿನ ತಡವಾಗಿ ಬಂದು ಬೀಳಬಹುದು. ಅದಕ್ಕಾಗಿಯೇ ಬ್ಲಾಕ್ ಆದ ನಿಖರ ಸಮಯ ನನಗೆ ಬರಹದಲ್ಲಿ ಬೇಕು. ‘ಇಂದು ಬ್ಲಾಕ್ ಮಾಡಲಾಗಿದೆ’ ಎಂದಷ್ಟೇ ಇದ್ದರೆ ಮುಂದೆ ಗಂಟೆಗಳ ವ್ಯತ್ಯಾಸದ ಮೇಲೆ ವಾದ ಹುಟ್ಟುತ್ತದೆ.

ನಿಮ್ಮ ಉತ್ತರದಲ್ಲಿ ದೂರು ಸಂಖ್ಯೆ, 7316 ಬ್ಲಾಕ್ ಆದ ದಿನಾಂಕ ಮತ್ತು ಗಂಟೆ-ನಿಮಿಷ, 4:10ರ ನಂತರ ನಡೆದ ಅಥವಾ ತಿರಸ್ಕೃತವಾದ ಪ್ರಯತ್ನಗಳಿದ್ದರೆ ಅವುಗಳ ವಿವರ, ಇಷ್ಟನ್ನು ತಿಳಿಸಿ. ತಿರಸ್ಕೃತವಾದವೂ ಬೇಕು, ಯಾರೋ ಕಾರ್ಡನ್ನು ಬಳಸಿ ನೋಡುತ್ತಿದ್ದಾರೆಯೇ ಎಂಬುದು ಅವುಗಳಿಂದಲೇ ಗೊತ್ತಾಗುತ್ತದೆ. ಗುರುತಿನ ಚೀಟಿ ಕಳೆದ ಬಗ್ಗೆ ಪೊಲೀಸರಿಗೆ ದೂರು ಕೊಡಲು ಹೋಗುತ್ತಿದ್ದೇನೆ. ಅದರ ಪ್ರತಿಗಾಗಿ ಕಾಯದೆ ಕಾರ್ಡನ್ನು ಮೊದಲು ಬ್ಲಾಕ್ ಮಾಡಿ, ಪ್ರತಿ ಸಿಕ್ಕ ಕೂಡಲೇ ಇದೇ ಮೇಲ್‌ಗೆ ಉತ್ತರವಾಗಿ ಕಳಿಸುತ್ತೇನೆ.

ಬದಲಿ ಕಾರ್ಡ್ ಹೊಸ ಸಂಖ್ಯೆಯೊಂದಿಗೆ ಬರಲಿ, ನಿಮ್ಮ ದಾಖಲೆಯಲ್ಲಿರುವ ವಿಳಾಸಕ್ಕೇ ಬರಲಿ. ತಾಗಿಸಿ ಪಾವತಿಸುವ ಸೌಲಭ್ಯ ಮತ್ತು ವಿದೇಶಿ ವಹಿವಾಟು ಎರಡನ್ನೂ ಆರಂಭದಲ್ಲಿ ಮುಚ್ಚಿಯೇ ಕಳಿಸಿ. ಬೇಕಾದಾಗ ಆ್ಯಪ್‌ನಲ್ಲಿ ನಾನೇ ತೆರೆದುಕೊಳ್ಳುತ್ತೇನೆ.

ರಾತ್ರಿ 7 ಗಂಟೆಯೊಳಗೆ ಬ್ಲಾಕ್ ಆದ ಎಸ್‌ಎಂಎಸ್ ಬರದಿದ್ದರೆ ಸಹಾಯವಾಣಿಗೆ ಮತ್ತೆ ಕರೆ ಮಾಡಿ, ಸಿಬ್ಬಂದಿ ಸಿಗುವವರೆಗೂ ಕಾಯುತ್ತೇನೆ.

ವಂದನೆಗಳೊಂದಿಗೆ,
ಸುಮಾ ಕೆ.
ಖಾತೆ: ಕೊನೆಯ ಅಂಕಿಗಳು 0482
ಬ್ಲಾಕ್ ಮಾಡಬೇಕಾದ ಕಾರ್ಡ್: ಕೊನೆಯ ಅಂಕಿಗಳು 7316