ಪಶ್ಚಿಮ ಘಟ್ಟದ ವರದಿ: ಗ್ರಾಮಸಭೆಗೆ ಮುಂಚೆ ಓದಬೇಕಾದ ಎರಡು ಪುಟ

ಯಾರಿಗೆ: ಸಕಲೇಶಪುರ ತಾಲ್ಲೂಕಿನ ತಹಶೀಲ್ದಾರ್, ತಾಲ್ಲೂಕು ಪಂಚಾಯಿತಿ ಇಒ, ಪಿಡಿಒಗಳು, ಗ್ರಾಮ ಆಡಳಿತಾಧಿಕಾರಿಗಳು, ವಲಯ ಅರಣ್ಯಾಧಿಕಾರಿಗಳು

ಮಾಧವ ಗಾಡ್ಗೀಳ್ ಸಮಿತಿಯ ವರದಿ ಎರಡು ಭಾಗದ್ದು, ಇಂಗ್ಲಿಷಿನದ್ದು, ತುಂಬಾ ಉದ್ದ. ಇಡೀ ಓದಲು ನಿಮಗೆ ಪುರುಸೊತ್ತು ಇರಲ್ಲ ಅನ್ನೋದು ಗೊತ್ತು. ಹಾಗಾಗಿ ಗೋವಾದ ಗಣಿ, ಕೇರಳದ ಅತಿರಪಳ್ಳಿ ಇತ್ಯಾದಿ ಅಧ್ಯಾಯಗಳನ್ನು ಬಿಟ್ಟು, ನಿಮ್ಮ ಟೇಬಲ್ಲಿಗೆ ಬರುವ ವಿಷಯವನ್ನಷ್ಟೇ ಇಲ್ಲಿ ಇಳಿಸಿದ್ದೇವೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಊರವರು ಬೈಯುವುದು ಗಾಡ್ಗೀಳ್ ವರದಿಯನ್ನು, ಆದರೆ ಕೇಂದ್ರದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳಿಗೆ ಆಧಾರ ಆಮೇಲೆ ಬಂದ ಕಸ್ತೂರಿರಂಗನ್ ಸಮಿತಿಯ ವರದಿ. 2014ರಿಂದ ಆರು ಸಲ ಕರಡು ಬಂತು, ಆರನೆಯದು 2024ರ ಜುಲೈ 31ರದ್ದು. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಗ್ರಾಮಸಭೆಯಲ್ಲಿ ಯಾರಾದರೂ "ಗಾಡ್ಗೀಳ್ ವರದಿ ಜಾರಿ ಮಾಡ್ತೀರಾ?" ಅಂತ ಕೇಳಿದರೆ ಇಷ್ಟನ್ನೇ ಹೇಳಿ, ಅರ್ಧ ಗಲಾಟೆ ಅಲ್ಲೇ ತಣ್ಣಗಾಗುತ್ತದೆ.

ಎರಡೂ ವರದಿಗಳು ಹೇಳಿದ್ದೇನು

ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಘಟ್ಟವನ್ನು ಸುಮಾರು 9 ಕಿ.ಮೀ. ಉದ್ದಗಲದ ಚೌಕಗಳಾಗಿ ಮಾಡಿಕೊಂಡು, ಒಂದೊಂದಕ್ಕೂ ಅಂಕ ಹಾಕಿ, 142 ತಾಲ್ಲೂಕುಗಳನ್ನು ಮೂರು ವಲಯಗಳಾಗಿ ವಿಂಗಡಿಸಿತು. ಒಂದನೇ ವಲಯದಲ್ಲಿ ಹೊಸ ಗಣಿ ಬೇಡ, ಹೊಸ ದೊಡ್ಡ ಅಣೆಕಟ್ಟು ಬೇಡ, ರಾಸಾಯನಿಕ ಕೀಟನಾಶಕವನ್ನು ಐದು ವರ್ಷದಲ್ಲಿ ನಿಲ್ಲಿಸಿ ಅಂದಿತು. ನಮ್ಮ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬೇಡಿ ಅಂತಲೂ ನೇರವಾಗಿ ಬರೆಯಿತು. ಆದರೆ ಯಾರೂ ಎತ್ತಿ ಹೇಳದ ಮಾತೊಂದಿದೆ: ಈ ಗಡಿಗಳು ತಾತ್ಕಾಲಿಕ, ಕೊನೆಯ ತೀರ್ಮಾನ ಗ್ರಾಮಸಭೆಗಳ ಅಭಿಪ್ರಾಯ ಪಡೆದೇ ಆಗಬೇಕು, ವರದಿಯನ್ನು ಆಯಾ ಭಾಷೆಯಲ್ಲಿ ಜನರಿಗೆ ಕೊಡಬೇಕು ಅಂತ ಅದೇ ಸಮಿತಿ ಹೇಳಿತ್ತು. ವಿರೋಧ ಬಂದಿದ್ದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ, ಸುದ್ದಿ ಮೊದಲು ಬಂತು, ಕಾಗದ ಬರಲೇ ಇಲ್ಲ.

ಕಸ್ತೂರಿರಂಗನ್ ಸಮಿತಿ 2013ರ ಏಪ್ರಿಲ್‌ನಲ್ಲಿ ಬೇರೆ ದಾರಿ ಹಿಡಿಯಿತು. ಘಟ್ಟದ ಸುಮಾರು 37 ಶೇಕಡಾ ಮಾತ್ರ ಪರಿಸರ ಸೂಕ್ಷ್ಮ ಅಂದಿತು. ಕರ್ನಾಟಕದಲ್ಲಿ ಅದು 20,668 ಚದರ ಕಿ.ಮೀ., 1,576 ಹಳ್ಳಿ. ಇಲ್ಲಿ ನಿಷೇಧ ಗಣಿ, ಕಲ್ಲು ಕ್ವಾರಿ, ಮರಳು ಗಣಿ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕಾರ್ಖಾನೆ ಮತ್ತು 20,000 ಚದರ ಮೀಟರ್ ದಾಟುವ ಕಟ್ಟಡಗಳಿಗೆ. ಈಗಿರುವ ಮನೆ ರಿಪೇರಿ ಮಾಡಿಸಲು, ವಿಸ್ತರಿಸಲು, ಆಸ್ತಿ ಮಾರಲು ಕರಡಿನಲ್ಲಿ ಅಡ್ಡಿಯಿಲ್ಲ. "ಒಕ್ಕಲೆಬ್ಬಿಸ್ತಾರೆ" ಅನ್ನೋ ಮಾತಿಗೆ ಕರಡಿನಲ್ಲಿ ಆಧಾರವೇ ಇಲ್ಲ.

ನಿಜವಾದ ತಕರಾರು ಎಲ್ಲಿದೆ

ಹಾಗಂತ ಜನರ ಭಯವೆಲ್ಲ ಸುಳ್ಳು ಅಂದುಕೊಳ್ಳಬೇಡಿ. ಕಸ್ತೂರಿರಂಗನ್ ಸಮಿತಿಗೆ ಲೆಕ್ಕದ ಘಟಕ ಹಳ್ಳಿ. ಒಂದು ಹಳ್ಳಿಯ 20 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಜಾಗ ಸೂಕ್ಷ್ಮ ಅಂತ ಉಪಗ್ರಹ ಚಿತ್ರದಲ್ಲಿ ಕಂಡರೆ ಇಡೀ ಹಳ್ಳಿ ಪಟ್ಟಿಗೆ ಸೇರಿತು. ಮೂಲೆಯಲ್ಲಿ ಶೋಲಾ ಕಾಡು, ಉಳಿದದ್ದು ಗದ್ದೆ, ಕಾಫಿ, ಏಲಕ್ಕಿ ಇದ್ದರೂ ಎಲ್ಲ ಸರ್ವೆ ನಂಬರ್‌ಗೂ ಒಂದೇ ಹಣೆಪಟ್ಟಿ. ಆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 24 ಮೀಟರ್. ಬೆಳ್ಳಟ್ಟೆ, ಹಲಸು, ಸಿಲ್ವರ್ ಓಕ್ ನೆರಳಿನ ಕಾಫಿ ತೋಟವನ್ನು ಮೇಲಿನಿಂದ ಕಾಡೆಂದು ಎಣಿಸಿದ್ದಾರೆ ಅನ್ನೋದು ಬೆಳೆಗಾರರ ದೂರು. ಇದನ್ನು ಕಚೇರಿಯಲ್ಲಿ ಕೂತು ವಾದ ಮಾಡಿ ಬಗೆಹರಿಸಲು ಆಗಲ್ಲ, ಗ್ರಾಮ ಆಡಳಿತಾಧಿಕಾರಿಗಳೂ ಅರಣ್ಯ ರಕ್ಷಕರೂ ಒಟ್ಟಿಗೆ ತೋಟದೊಳಗೆ ನಡೆದು ನೋಡಿದರಷ್ಟೇ ಗೊತ್ತಾಗುತ್ತದೆ.

ನಮ್ಮ ಕೋರಿಕೆ

ಕೇಂದ್ರದ ನೀತಿ ಬದಲಿಸಿ ಅಂತ ನಿಮ್ಮನ್ನು ಕೇಳುತ್ತಿಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಇಷ್ಟು. ಪಟ್ಟಿಯಲ್ಲಿರುವ ಪ್ರತಿ ಹಳ್ಳಿಯ ಪಂಚಾಯಿತಿ ಗೋಡೆಗೆ ಸರ್ವೆ ನಂಬರ್ ಕಾಣುವ ನಕ್ಷೆಯನ್ನೂ ಮೇಲಿನ ನಿಷೇಧದ ಪಟ್ಟಿಯನ್ನೂ ಕನ್ನಡದಲ್ಲಿ ಅಂಟಿಸಿ. ಗ್ರಾಮಸಭೆಯಲ್ಲಿ ಪಿಡಿಒ ಅದನ್ನು ಓದಿ ಹೇಳಲಿ, ಭಾಷಣ ಬೇಡ. "ವರದಿಯನ್ನು ವಿರೋಧಿಸುತ್ತೇವೆ" ಅನ್ನೋ ಒಂದು ಸಾಲಿನ ಠರಾವಿನಿಂದ ಯಾರಿಗೂ ಉಪಯೋಗವಿಲ್ಲ. ಯಾವ ಸರ್ವೆ ನಂಬರ್ ತೋಟ, ಯಾವುದು ಕಾಡು, ಹಳ್ಳದ ಮೂಲ ಎಲ್ಲಿದೆ ಅನ್ನೋದನ್ನು ಬರೆದ ಠರಾವು ಬೇಕು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ 2002ರ ಕಾಯ್ದೆಯಡಿ ಇರಲೇಬೇಕು, ಬಹಳ ಕಡೆ ಅದು ಕಾಗದದಲ್ಲಿ ಮಾತ್ರ. ಈ ಕೆಲಸಕ್ಕೆ ಅದನ್ನೇ ಕೂರಿಸಿ.

ಕಲ್ಲು ಕ್ವಾರಿ ಅರ್ಜಿಗಳನ್ನು ಮಾತ್ರ ಬೇರೆ ಕಡತದಲ್ಲಿಡಿ. ಅಂತಿಮ ಅಧಿಸೂಚನೆ ಬರುವುದರೊಳಗೆ ಅನುಮತಿ ಗಿಟ್ಟಿಸಿಕೊಳ್ಳಬೇಕು ಅಂತ ಓಡಾಡುವವರು ಇದ್ದೇ ಇರುತ್ತಾರೆ, ಅಲ್ವಾ? ಠರಾವುಗಳು ಬಂದು, ಜಂಟಿ ಪರಿಶೀಲನೆ ಮುಗಿಯುವವರೆಗೆ ಅವುಗಳಿಗೆ ತಾಲ್ಲೂಕು ಮಟ್ಟದ ಶಿಫಾರಸು ಹೋಗದಿರಲಿ. ಮಳೆಗಾಲ ಹಿಡಿದರೆ ಹಾರ್ಲೆ, ಹೆತ್ತೂರು ಕಡೆ ಸರ್ವೆಗೆ ಹೋಗುವುದು ಕಷ್ಟ. ಜಂಟಿ ಪರಿಶೀಲನೆ ಮೇ ತಿಂಗಳೊಳಗೆ ಮುಗಿಯುವಂತೆ ದಿನ ಗೊತ್ತು ಮಾಡಿ.